ತರಬೇತಿಗೆ ಹೊರಡುವ ಮುನ್ನ: ಅರ್ಜಿ ಮತ್ತು ಬದಲಿ ಪಟ್ಟಿ

ಯಾದಗಿರಿ ಜಿಲ್ಲೆಯ ಶಹಾಪುರದ ಸರ್ಕಾರಿ ವಸತಿ ಶಾಲೆಯೊಂದರಲ್ಲಿ ನೀವು ಗಣಿತ ಶಿಕ್ಷಕಿ ಎಂದಿಟ್ಟುಕೊಳ್ಳಿ. ಸೋಮವಾರದಿಂದ ಶುಕ್ರವಾರದವರೆಗೆ ಕಲಬುರಗಿಯಲ್ಲಿ ತರಬೇತಿ. ನಿಯೋಜನೆ ಆದೇಶ ಕೈಸೇರಿದೆ. ಆದೇಶವಿದ್ದ ಮೇಲೆ ಪ್ರಾಂಶುಪಾಲರಿಗೆ ಅರ್ಜಿ ಏಕೆ? ಆದೇಶ ನಿಮ್ಮನ್ನು ಕರೆಸಿಕೊಳ್ಳುತ್ತದೆ, ನಿಮ್ಮ ತರಗತಿಗಳನ್ನು ನೋಡಿಕೊಳ್ಳುವುದಿಲ್ಲ.

ಮೊದಲು ವಿಷಯದ ಸಾಲು. ಇಲ್ಲಿ ಬರೀ ‘ರಜೆ ಮಂಜೂರು ಮಾಡುವ ಬಗ್ಗೆ’ ಎಂದು ಬರೆದರೆ ಆ ಐದು ದಿನ ಸಾಂದರ್ಭಿಕ ರಜೆಯ ಲೆಕ್ಕಕ್ಕೆ ಹೋದೀತು. ಇಲಾಖೆಯೇ ಕಳುಹಿಸುವ ತರಬೇತಿ ರಜೆಯಲ್ಲ, ಕರ್ತವ್ಯ. ಹಾಜರಿ ವಹಿಯಲ್ಲಿ ಅದು ‘ಒಒಡಿ’, ಅಂದರೆ ಅನ್ಯ ಕಾರ್ಯ ನಿಮಿತ್ತ. ಸ್ವಂತ ಆಸಕ್ತಿಯ ಕೋರ್ಸಿಗೆ ಹೋಗುವವರು ಮಾತ್ರ ರಜೆ ಕೇಳಬೇಕು. ನಿಮ್ಮ ಅರ್ಜಿ ಹೀಗಿರಲಿ:

ವಿಷಯ: ತರಬೇತಿಗೆ ಹಾಜರಾಗಲು ಅನ್ಯ ಕಾರ್ಯ ನಿಮಿತ್ತ ಅನುಮತಿ ಹಾಗೂ ಬಿಡುಗಡೆ ಕೋರಿ.
ಉಲ್ಲೇಖ: ನಿಯೋಜನೆ ಆದೇಶದ ಸಂಖ್ಯೆ ಮತ್ತು ದಿನಾಂಕ.
ಮಾನ್ಯರೆ, ಮೇಲ್ಕಂಡ ಆದೇಶದಂತೆ ಐದು ದಿನಗಳ ತರಬೇತಿಗೆ ಹಾಜರಾಗಬೇಕಿದೆ. ಈ ಅವಧಿಯ ಬದಲಿ ವ್ಯವಸ್ಥೆಯ ಪಟ್ಟಿಯನ್ನು ಸಹೋದ್ಯೋಗಿಗಳ ಒಪ್ಪಿಗೆ ಸಹಿಯೊಂದಿಗೆ ಲಗತ್ತಿಸಿದ್ದೇನೆ. ಶನಿವಾರ ಶಾಲೆ ಬಿಟ್ಟ ನಂತರ ನನ್ನನ್ನು ಬಿಡುಗಡೆಗೊಳಿಸಬೇಕೆಂದು ಕೋರುತ್ತೇನೆ.

ಇನ್ನು ಪಟ್ಟಿ. ನಿಜವಾದ ಕೆಲಸ ಇರುವುದು ಇಲ್ಲೇ. ‘ನನ್ನ ತರಗತಿಗಳನ್ನು ವಿಜ್ಞಾನ ಶಿಕ್ಷಕರು ನೋಡಿಕೊಳ್ಳುವರು’ ಎಂಬ ಒಂದೇ ಸಾಲು ಸೋಮವಾರ ಎರಡನೇ ಪಿರಿಯಡ್‌ಗೇ ಕುಸಿಯುತ್ತದೆ, ಏಕೆಂದರೆ ಆ ಹೊತ್ತಿಗೆ ಅವರಿಗೆ ಒಂಬತ್ತನೇ ತರಗತಿ ಇರುತ್ತದೆ. ದಿನಕ್ಕೆ ನಾಲ್ಕು ಪಿರಿಯಡ್ ಎಂದರೆ ಐದು ದಿನಕ್ಕೆ ಇಪ್ಪತ್ತು ಸಾಲು. ಪ್ರತಿ ಸಾಲಿನಲ್ಲೂ ದಿನ, ಪಿರಿಯಡ್, ತರಗತಿ, ಬದಲಿ ಶಿಕ್ಷಕರು, ಮಾಡಿಸಬೇಕಾದ ಕೆಲಸ, ಸಹಿ ಇರಲಿ. ಶಾಲೆಯ ಒಟ್ಟು ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡು, ಆ ಗಳಿಗೆಯಲ್ಲಿ ನಿಜಕ್ಕೂ ಬಿಡುವಿರುವವರ ಹೆಸರನ್ನೇ ಬರೆಯಿರಿ.

ಹತ್ತನೇ ತರಗತಿಯ ಐದು ಪಿರಿಯಡ್‌ಗಳನ್ನು ಕೇವಲ ಕಾಯಲು ಯಾರಿಗೂ ಒಪ್ಪಿಸಬೇಡಿ, ಅದಲುಬದಲು ಮಾಡಿಕೊಳ್ಳಿ. ಈ ವಾರ ಸಮಾಜ ವಿಜ್ಞಾನದವರು ಮೂರು, ಕನ್ನಡದವರು ಎರಡು ಪಿರಿಯಡ್ ತಮ್ಮ ಪಾಠವನ್ನೇ ಮಾಡಲಿ. ಮುಂದಿನ ವಾರ ಅವರ ಐದು ಪಿರಿಯಡ್ ನಿಮ್ಮದು. ಆಗ ನಿಮಗೆ ಬೇರೆ ತರಗತಿ ಇಲ್ಲವೆಂದು ಈಗಲೇ ನೋಡಿಕೊಂಡು, ವಾಪಸಾತಿಯ ದಿನವನ್ನು ಪಟ್ಟಿಯಲ್ಲೇ ಬರೆಯಿರಿ. ಬರೆಯದ ಸಾಲವನ್ನು ಶಿಕ್ಷಕರ ಕೊಠಡಿಯಲ್ಲಿ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ! ಎಂಟು ಮತ್ತು ಒಂಬತ್ತನೇ ತರಗತಿಗೆ ಅಭ್ಯಾಸದ ಹಾಳೆ ಸಾಕು. ಆದರೆ ಈಗಾಗಲೇ ಕಲಿಸಿದ ಪಾಠದ್ದೇ ಆಗಿರಲಿ. ಹಿಂದಿ ಶಿಕ್ಷಕರಿಂದ ಹೊಸ ಬೀಜಗಣಿತ ಬಯಸುವುದು ಅನ್ಯಾಯ.

ವಸತಿ ಶಾಲೆಯವರು ಮರೆಯುವುದು ರಾತ್ರಿಯನ್ನು. ಬುಧವಾರ ರಾತ್ರಿ ಓದಿನ ಮೇಲ್ವಿಚಾರಣೆ ನಿಮ್ಮ ಪಾಳಿಯಾಗಿದ್ದರೆ ಅದು ಇಪ್ಪತ್ತೊಂದನೇ ಸಾಲು.

ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಶುಕ್ರವಾರ ತರಬೇತಿ ಮುಗಿದಾಗ ಹಾಜರಾತಿ ಪ್ರಮಾಣಪತ್ರ ತೆಗೆದುಕೊಳ್ಳದೆ ಬಸ್ ಹತ್ತಬೇಡಿ. ಶನಿವಾರ ಬೆಳಿಗ್ಗೆ ಪ್ರಾಂಶುಪಾಲರು ಮೊದಲು ಕೇಳುವುದು ಅದನ್ನೇ.