ಪ್ರೋಟೀನ್ ಹೆಚ್ಚು ತಿನ್ನುವವರ ಕ್ರಿಯಾಟಿನಿನ್ 1.4 ಬಂದರೆ

ಮಂಗಳೂರಿನಲ್ಲಿ ಆಹಾರ ಸಲಹೆಗೆ ಬರುವ ಜಿಮ್ ಹುಡುಗರಲ್ಲಿ ಹಲವರ ಕೈಯಲ್ಲಿ ಒಂದೇ ಬಗೆಯ ಕಿಡ್ನಿ ಪರೀಕ್ಷೆಯ ರಿಪೋರ್ಟ್: ಕ್ರಿಯಾಟಿನಿನ್ 1.4. ವಯಸ್ಸು 28 ಎಂದಿಟ್ಟುಕೊಂಡರೆ, ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು, ಅಂದರೆ ಇಜಿಎಫ್‌ಆರ್, ಸುಮಾರು 70 ಬರುತ್ತದೆ. ಮನೆಯವರಿಗೆ ಗಾಬರಿ, ಪ್ರೋಟೀನ್ ಪುಡಿಯ ಡಬ್ಬಿಯ ಮೇಲೆ ಸಿಟ್ಟು.

ನಾನು ಮೊದಲು ಊಟದ ಲೆಕ್ಕ ಹಾಕಿಸುತ್ತೇನೆ. ವೇ ಪ್ರೋಟೀನ್ ಎರಡು ಸ್ಕೂಪ್ 48 ಗ್ರಾಂ, ಆರು ಮೊಟ್ಟೆ 36, ಹಸಿ ತೂಕದಲ್ಲಿ 200 ಗ್ರಾಂ ಕೋಳಿ 45, ಬಂಗುಡೆ 20, ದಿನದ ಕುಚ್ಚಲಕ್ಕಿ 18, ಬೇಳೆ–ಹಾಲು 15. ಒಟ್ಟು 182 ಗ್ರಾಂ, ಅಂದರೆ 70 ಕಿಲೋ ತೂಕದವರಿಗೆ ಕಿಲೋಗೆ 2.6. ಬಂಗುಡೆಯನ್ನು ಇಡಿಯಾಗಿ ತೂಗಬಾರದು. ತಲೆ, ಮುಳ್ಳು, ಹೊಟ್ಟೆ ಹೋದ ಮೇಲೆ ಉಳಿಯುವ 100 ಗ್ರಾಂ ಮಾಂಸಕ್ಕೆ ಆ 20 ಗ್ರಾಂ. ಅನ್ನವನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸ್ನಾಯು ಬೆಳೆಸಲು ದಿನಕ್ಕೆ ಕಿಲೋಗೆ 1.6 ಗ್ರಾಂ ಧಾರಾಳ ಸಾಕು. ಆರೋಗ್ಯವಂತರಿಗೆ ದೀರ್ಘಕಾಲಕ್ಕೆ 2 ಗ್ರಾಂ ಅನ್ನು ನಾನು ಮೇಲಿನ ಗೆರೆಯಾಗಿ ಇಡುತ್ತೇನೆ. ಅದರಾಚೆ ಹೋದರೆ ಕಿಡ್ನಿ ಕೆಡುತ್ತದೆಂದು ಸಾಬೀತಾಗಿಲ್ಲ, ಆದರೆ ಹೆಚ್ಚಿನ ಲಾಭವೂ ಇಲ್ಲ. ಈ ಲೆಕ್ಕದಲ್ಲಿ ಎರಡೂ ಸ್ಕೂಪ್ ಬಿಟ್ಟರೂ 134 ಗ್ರಾಂ, ಕಿಲೋಗೆ 1.9 ಉಳಿಯುತ್ತದೆ. ಡಬ್ಬಿಯ ದುಡ್ಡು ದಂಡ! ತೂಕ ತೀರಾ ಹೆಚ್ಚಿದ್ದವರಿಗೆ ಎತ್ತರಕ್ಕೆ ತಕ್ಕ ತೂಕದ ಮೇಲೆ ಲೆಕ್ಕ ಹಾಕಬೇಕು.

ಇನ್ನು 1.4ರ ವಿಷಯ. ಕ್ರಿಯಾಟಿನಿನ್ ಸ್ನಾಯುವಿನಿಂದ ಹುಟ್ಟಿ ಕಿಡ್ನಿಯ ಮೂಲಕ ಹೊರಹೋಗುವ ವಸ್ತು. ಸ್ನಾಯು ಹೆಚ್ಚಿದ್ದರೆ, ಕ್ರಿಯಾಟಿನ್ ಪುಡಿ ತಿನ್ನುತ್ತಿದ್ದರೆ, ಹಿಂದಿನ ರಾತ್ರಿ ಕೋರಿ ರೊಟ್ಟಿ ಹೊಡೆದಿದ್ದರೆ ಕಿಡ್ನಿ ಸರಿಯಿದ್ದೂ ಅಂಕಿ ಏರುತ್ತದೆ. ಹಾಗಾಗಿ ಕ್ರಿಯಾಟಿನ್ ಪುಡಿ ನಾಲ್ಕು ವಾರ ನಿಲ್ಲಿಸಿ, ಎರಡು ದಿನ ಭಾರ ಎತ್ತದೆ, ಹಿಂದಿನ ರಾತ್ರಿ ಮೀನು–ಮಾಂಸ ಬಿಟ್ಟು, ನೀರು ಸರಿಯಾಗಿ ಕುಡಿದು ಮತ್ತೆ ಪರೀಕ್ಷೆ ಮಾಡಿಸಬೇಕು. ಜೊತೆಗೆ ಕಿಡ್ನಿಯ ಕೆಲಸ ಅಳೆಯುವ ಇನ್ನೊಂದು ರಕ್ತ ಪರೀಕ್ಷೆ, ಸಿಸ್ಟಾಟಿನ್ ಸಿ. ಅದು ಸ್ನಾಯು, ಮಾಂಸಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಮೂತ್ರಕ್ಕೆ ಪ್ರೋಟೀನ್ ಸೋರುತ್ತಿದೆಯೇ ಎಂದು ತಿಳಿಯಲು ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನೂ ನೋಡಿಸುತ್ತೇನೆ. ಇದು ಗ್ರಾಂಗೆ 30 ಮಿಲಿಗ್ರಾಂಗಿಂತ ಕಡಿಮೆಯಿದ್ದು ಸಿಸ್ಟಾಟಿನ್ ಸರಿಯಿದ್ದರೆ 1.4 ಬಹುತೇಕ ಸ್ನಾಯುವಿನದೇ. ಅನುಪಾತ 30 ದಾಟಿ ಮೂರು ತಿಂಗಳ ನಂತರವೂ ಹಾಗೇ ಇದ್ದರೆ ಕ್ರಿಯಾಟಿನಿನ್ ಎಷ್ಟೇ ಚೆನ್ನಾಗಿರಲಿ, ನೆಫ್ರಾಲಜಿಸ್ಟ್ ಬಳಿ ಹೋಗಲೇಬೇಕು.

ಈ 2ರ ಗೆರೆ ಎಲ್ಲರಿಗೂ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ಒಂದೇ ಕಿಡ್ನಿ, ಕಲ್ಲಿನ ತೊಂದರೆ, ಮನೆತನದಲ್ಲಿ ಕಿಡ್ನಿ ರೋಗ ಇದ್ದವರು ಈ ಪರೀಕ್ಷೆಗಳನ್ನು ಮೊದಲು ಮಾಡಿಸಿ, ಆಮೇಲೆ ಪ್ರೋಟೀನ್ ಏರಿಸುವ ಮಾತಾಡಬೇಕು. ಕಿಡ್ನಿ ರೋಗ ಈಗಾಗಲೇ ಗೊತ್ತಾಗಿದ್ದರೆ, ಡಯಾಲಿಸಿಸ್ ಹಂತಕ್ಕೆ ಬರದವರಿಗೆ ಕಿಲೋಗೆ ಸುಮಾರು 0.8 ಗ್ರಾಂ; 1.3 ದಾಟಲೇಬಾರದು. ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿ ನಮ್ಮ ಏಪ್ರಿಲ್–ಮೇ ಸೆಕೆಯಲ್ಲಿ ಬೆವರು ಹರಿಸುವುದು ಪ್ರೋಟೀನಿಗಿಂತ ನನಗೆ ಹೆಚ್ಚು ಚಿಂತೆಯ ವಿಷಯ. ಮತ್ತೊಂದು: ಮಗನ ಡಬ್ಬಿಯಿಂದ ಸಕ್ಕರೆ ಕಾಯಿಲೆಯ ಅಪ್ಪನಿಗೂ ದಿನಾ ಒಂದು ಸ್ಕೂಪ್ ಹೋಗುತ್ತಿದೆಯೇ ಎಂದು ತಪ್ಪದೆ ಕೇಳುತ್ತೇನೆ.