ಕಿಟಕಿ ಮೇಲಿನ ಸಜ್ಜಾ ಜಗ್ಗದಂತೆ ಲಿಂಟಲ್ ಕೂರಿಸುವುದು

ಲಿಂಟಲ್ ಎರಡೂ ಕಡೆ ಗೋಡೆ ಮೇಲೆ ಎಷ್ಟು ಕೂರಬೇಕು ಎಂದು ಕೇಳಿದರೆ ಹೆಚ್ಚಿನ ಮೇಸ್ತ್ರಿಗಳು ಆರಿಂಚು ಅನ್ನುತ್ತಾರೆ. ಬರೀ ಲಿಂಟಲ್ ಆದರೆ ಅದು ಸಾಕು. ಇಟ್ಟಿಗೆ, ಬ್ಲಾಕು ಗೋಡೆಗಳ ಭಾರತೀಯ ಮಾನಕ ಐ.ಎಸ್. 1905 ಕೇಳುವುದು ಇನ್ನೂ ಕಡಿಮೆ: 90 ಮಿ.ಮೀ. ಅಥವಾ ಕಿಟಕಿ ಅಗಲದ ಹತ್ತನೇ ಒಂದು ಭಾಗ, ಎರಡರಲ್ಲಿ ಯಾವುದು ಹೆಚ್ಚೋ ಅದು. ಆದರೆ ಅದೇ ಲಿಂಟಲ್‌ಗೆ ಎರಡಡಿ ಸಜ್ಜಾ ಸೇರಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಈಗ ಲಿಂಟಲ್ ಮೇಲಿನ ಗೋಡೆಯನ್ನು ಹೊತ್ತರೆ ಸಾಲದು, ಹೊರಗೆ ಉರುಳಲು ನೋಡುವ ಸಜ್ಜಾವನ್ನು ಹಿಡಿದುಕೊಳ್ಳಲೂ ಬೇಕು. ಹಿಡಿಯುವುದು ಯಾವುದರಿಂದ? ತನ್ನ ತಲೆ ಮೇಲೆ ಕೂತಿರುವ ತೂಕದಿಂದ.

ಈಗ ಎಲ್ಲೆಡೆ ಕಟ್ಟುವ ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆಯನ್ನೇ ತೆಗೆದುಕೊಳ್ಳೋಣ. ಕಿಟಕಿ ಅಗಲ 4 ಅಡಿ, ಲಿಂಟಲ್ ದಪ್ಪ ಆರಿಂಚು, ಎರಡೂ ಕಡೆ ಆರಾರು ಇಂಚು ಕೂತಿದೆ; ಅಂದರೆ ಒಟ್ಟು ಉದ್ದ 5 ಅಡಿ. ಸಜ್ಜಾ ಕೂಡ 5 ಅಡಿ ಉದ್ದ, 2 ಅಡಿ ಚಾಚು, ಬುಡದಲ್ಲಿ 4 ಇಂಚು, ತುದಿಯಲ್ಲಿ 3 ಇಂಚು ದಪ್ಪ. ಇದರ ತೂಕ ಸುಮಾರು 200 ಕೆ.ಜಿ. ಆ ತೂಕದ ನಡುಭಾಗ ಗೋಡೆಯ ಹೊರಮುಖದಿಂದ ಹನ್ನೊಂದೂವರೆ ಇಂಚು ಆಚೆ ಇದೆ. 200ನ್ನು ಹನ್ನೊಂದೂವರೆಯಿಂದ ಗುಣಿಸಿದರೆ 2300. ಇದು ಉರುಳಿಸುವ ಬಲ.

ಇದಕ್ಕೆ ಎದುರಾಗಿ ನಿಲ್ಲುವುದು ಲಿಂಟಲ್ಲಿನ ತೂಕ 85 ಕೆ.ಜಿ., ಅದರ ಮೇಲೆ ಮೋಲ್ಡ್ ಅಂದರೆ ಸ್ಲ್ಯಾಬಿನ ತನಕ ಕಟ್ಟುವ ಎರಡೂವರೆ ಅಡಿ ಗೋಡೆ 375 ಕೆ.ಜಿ. ಒಟ್ಟು 460. ಆದರೆ ಆರಿಂಚಿನ ಗೋಡೆಯಲ್ಲಿ ಈ ತೂಕದ ನಡುಭಾಗ ಹೊರಮುಖದಿಂದ ಬರೀ ಮೂರಿಂಚು ಒಳಗಿದೆ. 460ನ್ನು ಮೂರರಿಂದ ಗುಣಿಸಿದರೆ 1380. ಅಂದರೆ ಗೋಡೆ ಪೂರ್ತಿ ಎದ್ದ ಮೇಲೂ ಸಜ್ಜಾ ತನ್ನ ಸ್ವಂತ ತೂಕಕ್ಕೇ ಉರುಳಬಹುದು. ಗಾರೆಯ ಅಂಟು ಅಷ್ಟಿಷ್ಟು ಹಿಡಿದೀತು, ಆದರೆ ಅದನ್ನು ನಂಬಿ ಸಪೋರ್ಟು ಬಿಚ್ಚುವುದು ಸರಿಯಲ್ಲ. ಹಳೆಯ ಒಂಬತ್ತಿಂಚಿನ ಇಟ್ಟಿಗೆ ಗೋಡೆಯಲ್ಲಿ ಇದೇ ಲೆಕ್ಕ 2800ರ ಹತ್ತಿರ ಬರುತ್ತದೆ. ಆ ಕಾಲದ ರೂಢಿಯನ್ನು ಆರಿಂಚಿನ ಗೋಡೆಗೆ ಹಾಗೇ ತಂದದ್ದರಿಂದಲೇ ಈಗ ಸಜ್ಜಾ ತೊಂದರೆ ಹೆಚ್ಚು.

ಮೋಲ್ಡ್ ಬಿದ್ದ ಮೇಲೆ ಸ್ಥಿತಿ ಸುಧಾರಿಸುತ್ತದೆ. ಹತ್ತಡಿ ಕೋಣೆಯ ಐದಿಂಚು ಸ್ಲ್ಯಾಬು ಆ ಗೋಡೆ ಮೇಲೆ ಕೂತರೆ ಈ 5 ಅಡಿಗೆ ಸುಮಾರು 700 ಕೆ.ಜಿ. ಬರುತ್ತದೆ, ಹಿಡಿತ 3480ಕ್ಕೆ ಏರುತ್ತದೆ. ಹಾಗಿದ್ದೂ 65 ಕೆ.ಜಿ.ಯ ಒಬ್ಬ ಪೇಂಟರ್ ಸಜ್ಜಾ ಅಂಚಿನ ಹತ್ತಿರ ನಿಂತರೆ ಉರುಳಿಸುವ ಬಲ 3700 ದಾಟುತ್ತದೆ. ಸ್ಲ್ಯಾಬಿನ ತೂಕ ಬೀಳದ ಪಕ್ಕದ ಗೋಡೆಯಲ್ಲಂತೂ ಈ ನೆರವೂ ಇಲ್ಲ.

ಹಾಗಾಗಿ ಸಜ್ಜಾ ಇರುವಲ್ಲಿ ನಾವು ಬಿಡಿ ಲಿಂಟಲ್ ಹಾಕುವುದಿಲ್ಲ. ಲಿಂಟಲ್ ಮಟ್ಟದಲ್ಲಿ ಗೋಡೆ ಸುತ್ತ ಒಂದೇ ಪಟ್ಟಿ ಓಡಿಸುತ್ತೇವೆ. ಆಗ ಕಿಟಕಿ ಆಚೀಚೆಯ ಗೋಡೆ, ಅದರ ಮೇಲಿನ ಸ್ಲ್ಯಾಬು ಎಲ್ಲವೂ ಹಿಡಿತಕ್ಕೆ ಬರುತ್ತವೆ. ಅಡ್ಡಗೋಡೆ ಸೇರುವಲ್ಲಿ ಪಟ್ಟಿ ತಿರುಚಿಕೊಳ್ಳುವುದೂ ನಿಲ್ಲುತ್ತದೆ. ಖರ್ಚಿಗೆ ಹೆದರಿ ಬಿಡಿ ಲಿಂಟಲ್ಲೇ ಬೇಕು ಅಂದರೆ ಎರಡೂ ಕಡೆ ಕನಿಷ್ಠ 12 ಇಂಚು ಕೂರಿಸಿ, ಸಜ್ಜಾವನ್ನು ಮಾತ್ರ 5 ಅಡಿಗೇ ನಿಲ್ಲಿಸಬೇಕು, ಚಾಚನ್ನೂ ಒಂದೂವರೆ ಅಡಿಗೆ ಇಳಿಸಬೇಕು. ಚಾಚು ಕಾಲುಭಾಗ ಕಡಿಮೆಯಾದರೆ ಸಜ್ಜಾದ ಸ್ವಂತ ತೂಕ ಉರುಳಿಸುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲಿಂಟಲ್ ಕೂರುವ ಜಾಗದಲ್ಲಿ ಚೂರು ಬ್ಲಾಕು, ಅರ್ಧ ಇಟ್ಟಿಗೆ ಬೇಡ, ಇಡೀ ಬ್ಲಾಕೇ ಇರಲಿ. ಹಾಲೋ ಬ್ಲಾಕ್ ಆದರೆ ಆ ತೂತುಗಳನ್ನು ಕಾಂಕ್ರೀಟಿನಿಂದ ತುಂಬಿ.

ಇನ್ನು ಕಂಬಿ. ಸಜ್ಜಾದ ಮುಖ್ಯ ಕಂಬಿ ಮೇಲೇ ಇರಬೇಕು. ಚಾಚಿದ ಹಲಗೆ ಕೆಳಗೆ ಬಾಗುವಾಗ ಹಿಗ್ಗುವುದು ಮೇಲ್ಮೈ, ಸೀಳುವುದೂ ಅಲ್ಲೇ. ನಾವು ಹಾಕುವುದು 8 ಮಿ.ಮೀ. ಕಂಬಿ, ಆರಿಂಚಿಗೆ ಒಂದು. ಅದರ ಅಡಿಗೆ ಅಡ್ಡಕಂಬಿ ಎಂಟಿಂಚಿಗೆ ಒಂದು. ಈ ಕಂಬಿ ಲಿಂಟಲ್ ಒಳಗೆ ನಾಲ್ಕಿಂಚು ತೂರಿಸಿ ಬಿಟ್ಟರೆ ಆಗದು. ಲಿಂಟಲ್ಲಿನ ಒಳಮುಖದವರೆಗೆ ಹೋಗಿ, ಕೆಳಗೆ ಇಳಿದು, ತಳದ ಕಂಬಿಗಳನ್ನು ಸುತ್ತಿ ಮತ್ತೆ ಹೊರಮುಖದ ಕಡೆಗೆ ಬರಬೇಕು. ಲಿಂಟಲ್ಲಿಗೆ ಮೇಲೆ ಎರಡು, ಕೆಳಗೆ ಎರಡು 10 ಮಿ.ಮೀ. ಕಂಬಿ. ತಿರುಚು ತಡೆಯುವುದು ರಿಂಗುಗಳಾದ್ದರಿಂದ ಅವು ಪೂರ್ತಿ ಮುಚ್ಚಿದ ರಿಂಗುಗಳೇ ಆಗಿರಬೇಕು, ಕೊಕ್ಕೆ ಒಳಕ್ಕೆ ಮಡಚಿರಬೇಕು, ಕಿಟಕಿ ಅಂಚಿನ ಹತ್ತಿರ ನಾಲ್ಕಿಂಚಿಗೆ ಒಂದರಂತೆ ಒತ್ತಾಗಿರಬೇಕು.

ಕಂಬಿ ಕಟ್ಟಿದ್ದು ಸರಿಯಿದ್ದರೂ ಕೆಡುವುದು ಕಾಂಕ್ರೀಟ್ ಸುರಿಯುವಾಗ. ಬಾಂಡ್ಲಿ ಹಿಡಿದವರು ಕಂಬಿ ತುಳಿಯುತ್ತಾರೆ. 4 ಇಂಚು ದಪ್ಪದ ಬುಡದಲ್ಲಿ ತಳದಿಂದ ಮೂರಿಂಚು ಮೇಲಿರಬೇಕಾದ ಕಂಬಿ ಒಂದೂವರೆ ಇಂಚಿಗೆ ಇಳಿದರೆ ಸಜ್ಜಾದ ಶಕ್ತಿ ಅರ್ಧವಾಗುತ್ತದೆ, ಬಿರುಕು ಬಿಟ್ಟ ಮೇಲೆ ಬಾಗುವುದು ಅದಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ಅದಕ್ಕೇ ಮುಖ್ಯ ಕಂಬಿ ಕೆಳಗೆ ಕಬ್ಬಿಣದ ಕುರ್ಚಿ ಇಟ್ಟು ಕಟ್ಟಬೇಕು, ತುಳಿಯಲು ಬೇರೆ ಹಲಗೆ ಹಾಕಬೇಕು. ಸುರಿದು ಮುಗಿಯುವ ಮುಂಚೆ ಒಂದು ಮೊಳೆಗೆ ಒಂದಿಂಚಿನ ಗುರುತು ಹಾಕಿ ಬುಡದಲ್ಲಿ ಚುಚ್ಚಿ ನೋಡಿ. ಒಂದಿಂಚಿನೊಳಗೆ ಕಂಬಿ ತಾಗಬೇಕು. ತಾಗದಿದ್ದರೆ ಆಗಲೇ ಎತ್ತಿ ಕಟ್ಟಿಸಿ, ಗಟ್ಟಿಯಾದ ಮೇಲೆ ಏನೂ ಮಾಡಲಾಗದು.

ಸೆಂಟ್ರಿಂಗ್ ಹಲಗೆಯ ಹೊರ ಅಂಚನ್ನು ಮಟ್ಟಕ್ಕಿಂತ 5 ಮಿ.ಮೀ. ಎತ್ತಿ ಇಡುತ್ತೇವೆ. ನೀರು ಹರಿಯುವ ಇಳಿಜಾರು ಮೇಲ್ಮೈಯಲ್ಲಿ ಸಿಗುತ್ತದೆ, ತಳದಲ್ಲಿ ಅದು ಬೇಕಿಲ್ಲ. ಸಪೋರ್ಟು 14 ದಿನದ ಮುಂಚೆ ಮುಟ್ಟುವುದಿಲ್ಲ. ಬಿಡಿ ಲಿಂಟಲ್ ಆದರೆ ಮೇಲಿನ ಗೋಡೆ, ಸ್ಲ್ಯಾಬು ಆಗಿ ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚುವವರೆಗೂ ಬಿಡುತ್ತೇವೆ, ಏಕೆಂದರೆ ಅಲ್ಲಿಯವರೆಗೆ ಸ್ಲ್ಯಾಬಿನ ತೂಕ ಜಾಕಿಗಳ ಮೇಲಿರುತ್ತದೆಯೇ ಹೊರತು ಗೋಡೆ ಮೇಲಲ್ಲ. ಬಿಚ್ಚುವಾಗ ತುದಿಯಿಂದ ಶುರುಮಾಡಿ ಗೋಡೆ ಕಡೆಗೆ ಬರಬೇಕು. ಬುಡದ್ದನ್ನು ಮೊದಲು ತೆಗೆದರೆ ತುದಿಯ ಸಪೋರ್ಟಿನ ಮೇಲೆ ಸಜ್ಜಾ ತೊಲೆಯಂತೆ ಕೂರುತ್ತದೆ; ಆಗ ಹಿಗ್ಗುವುದು ಕಂಬಿಯೇ ಇಲ್ಲದ ತಳ.

ಆಗಲೇ ಜಗ್ಗಿರುವ ಸಜ್ಜಾ ಕಂಡರೆ ಕಾರಣ ಹುಡುಕಲು ಒಂದು ನೂಲು, ಒಂದು ರಸಮಟ್ಟ ಸಾಕು. ಬುಡದಲ್ಲಿ ಗೋಡೆಗುಂಟ ಮೇಲ್ಮೈಯಲ್ಲಿ ಬಿರುಕಿದ್ದರೆ ಕಂಬಿ ಇಳಿದಿದೆ ಅಥವಾ ಸಪೋರ್ಟು ಬೇಗ ಬಿಚ್ಚಿದ್ದಾರೆ. ಸಜ್ಜಾ ಹಲಗೆ ನೇರವಾಗೇ ಇದ್ದು ಇಡೀ ಹೊರಗೆ ವಾಲಿದ್ದರೆ, ಮನೆ ಒಳಗೆ ಲಿಂಟಲ್ ಮಟ್ಟದಲ್ಲಿ ಅಡ್ಡ ಬಿರುಕು ಕಂಡರೆ, ಲಿಂಟಲ್ಲೇ ತಿರುಗಿದೆ, ಹಿಡಿತ ಸಾಲದು. ಎಲ್ಲೂ ಬಿರುಕಿಲ್ಲದೆ ತುದಿ ಅಂಕುಡೊಂಕಾಗಿದ್ದರೆ ಅದು ಸೆಂಟ್ರಿಂಗ್ ಕುಸಿದಾಗಲೇ ಆದ ಆಕಾರ, ಅದರಿಂದ ಅಪಾಯವಿಲ್ಲ.

ಮೊದಲ ಎರಡರಲ್ಲಿ ಗಾರೆ ಬಳಿದು ಮಟ್ಟ ಮಾಡಿಸುವುದು ತಪ್ಪು. ಈ ಅಳತೆಯ ಸಜ್ಜಾಕ್ಕೆ ಒಂದಿಂಚು ಗಾರೆ ಅಂದರೆ 45 ಕೆ.ಜಿ.ಗೂ ಹೆಚ್ಚು ಹೊರೆ. ಕಾಂಕ್ರೀಟು ಕಾಯಂ ಹೊರೆಗೆ ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಲೇ ಇರುತ್ತದೆ, ಬಿರುಕಿಗೆ ಇಳಿದ ಮಳೆನೀರು ಅಲ್ಲೇ ಕಂಬಿ ತಿನ್ನುತ್ತದೆ. ಬುಡದ ಬಿರುಕು ಅಗಲವಾಗುತ್ತಿದ್ದರೆ ಸಜ್ಜಾ ಕೆಳಗೆ ಯಾರೂ ಓಡಾಡದಂತೆ ಮಾಡಿ, ಜಾಕಿ ಕೊಟ್ಟು, ಚೂರುಚೂರಾಗಿ ಒಡೆದು ತೆಗೆಸಿ. ಅದರ ಜಾಗಕ್ಕೆ ಕಬ್ಬಿಣದ ಬ್ರಾಕೆಟ್ ಮೇಲೆ ಹಗುರ ಶೀಟು ಹಾಕಿಕೊಂಡರೆ ಗೋಡೆಗೆ ಆ ಭಾರವೇ ಇರುವುದಿಲ್ಲ.