ಸಬ್‌ನೆಟ್ ಲೆಕ್ಕ: ಮೂರನೇ ಆಕ್ಟೆಟ್‌ನಲ್ಲಿ ಎಡವದಿರಲು

ಪರೀಕ್ಷೆಯಲ್ಲಿ /24 ಬಂದರೆ ಯಾರಿಗೂ ಕಷ್ಟವಿಲ್ಲ. ಕೊನೆಯಲ್ಲಿ 0 ಹಾಕಿದರೆ ನೆಟ್‌ವರ್ಕ್, 255 ಹಾಕಿದರೆ ಬ್ರಾಡ್‌ಕಾಸ್ಟ್, ಮುಗಿಯಿತು. ಎಡವಟ್ಟಾಗುವುದು ಇಂಥ ಪ್ರಶ್ನೆಯಲ್ಲಿ: ‘ಒಂದು ಕಂಪ್ಯೂಟರಿನ ಐಪಿ ವಿಳಾಸ 172.16.75.200/20. ಅದು ಇರುವ ಸಬ್‌ನೆಟ್‌ನ ನೆಟ್‌ವರ್ಕ್ ವಿಳಾಸ, ಬ್ರಾಡ್‌ಕಾಸ್ಟ್ ವಿಳಾಸ ಮತ್ತು ಕಂಪ್ಯೂಟರುಗಳಿಗೆ ಕೊಡಬಹುದಾದ ಮೊದಲ, ಕೊನೆಯ ವಿಳಾಸ ಬರೆಯಿರಿ.’

ಮೊದಲು ಗೆರೆ ಎಲ್ಲಿ ಬಿದ್ದಿದೆ ನೋಡಿ. ಐಪಿ ವಿಳಾಸದಲ್ಲಿ ಒಟ್ಟು 32 ಬಿಟ್, ಎಂಟೆಂಟು ಬಿಟ್‌ನ ನಾಲ್ಕು ಆಕ್ಟೆಟ್. /20 ಅಂದರೆ ಮೊದಲ 20 ಬಿಟ್ ನೆಟ್‌ವರ್ಕಿಗೆ ಸೇರಿದ್ದು. ಮೊದಲೆರಡು ಆಕ್ಟೆಟ್‌ಗೆ 16 ಬಿಟ್ ಹೋಯಿತು. ಇನ್ನು ನಾಲ್ಕು ಉಳಿಯಿತು, ಅದು ಮೂರನೇ ಆಕ್ಟೆಟ್‌ನ ಅರ್ಧ. ಅಲ್ಲಿಗೆ ನಮ್ಮ ಲೆಕ್ಕವೆಲ್ಲ ಮೂರನೇ ಆಕ್ಟೆಟ್‌ನಲ್ಲೇ. 200 ಅನ್ನೋ ಸಂಖ್ಯೆಯನ್ನು ಸದ್ಯಕ್ಕೆ ಮರೆತುಬಿಡಿ.

ಆ ನಾಲ್ಕು ಬಿಟ್‌ಗಳ ಬೆಲೆ 128, 64, 32, 16. ಕೂಡಿಸಿದರೆ 240. ಹಾಗಾಗಿ ಮಾಸ್ಕ್ 255.255.240.0. ಈಗ 256ರಿಂದ 240 ಕಳೆಯಿರಿ, 16 ಬರುತ್ತದೆ. ಸಬ್‌ನೆಟ್‌ಗಳು ಮೂರನೇ ಆಕ್ಟೆಟ್‌ನಲ್ಲಿ 16ರ ಹೆಜ್ಜೆ ಹಾಕುತ್ತವೆ: 0, 16, 32, 48, 64, 80... ನಮ್ಮ 75 ಇರುವುದು 64 ಮತ್ತು 80ರ ನಡುವೆ. ಆದ್ದರಿಂದ ನೆಟ್‌ವರ್ಕ್ ವಿಳಾಸ 172.16.64.0, ಮುಂದಿನ ಸಬ್‌ನೆಟ್ ಶುರುವಾಗುವುದು 172.16.80.0ಕ್ಕೆ.

ಮುಂದಿನದು ಎಲ್ಲಿ ಶುರು ಅಂತ ಬರೆದುಕೊಳ್ಳುವುದು ತುಂಬಾ ಜನ ಬಿಟ್ಟುಬಿಡುವ ಹೆಜ್ಜೆ. ನನ್ನ ಪ್ರಕಾರ ಅರ್ಧ ಉತ್ತರ ಅಲ್ಲೇ ಇದೆ. ಯಾಕಂದ್ರೆ ಬ್ರಾಡ್‌ಕಾಸ್ಟ್ ಅಂದರೆ ಅದಕ್ಕಿಂತ ಒಂದೇ ಒಂದು ಹಿಂದಿನ ವಿಳಾಸ. ಐದು ಗಂಟೆಗೆ ಒಂದು ನಿಮಿಷ ಮುಂಚೆ 4:59 ಆಗುತ್ತದೆ ಅಲ್ವಾ, ಹಾಗೇ 80.0ರಿಂದ ಒಂದು ಕಳೆದರೆ 79.255. ಉತ್ತರ ಹೀಗೆ:

```
172.16.64.0      ನೆಟ್‌ವರ್ಕ್
172.16.64.1      ಮೊದಲ ಹೋಸ್ಟ್
172.16.79.254    ಕೊನೆಯ ಹೋಸ್ಟ್
172.16.79.255    ಬ್ರಾಡ್‌ಕಾಸ್ಟ್
```

ಇಲ್ಲಿ ಹೆಚ್ಚಾಗಿ ಕಾಣುವ ತಪ್ಪು ಉತ್ತರ 172.16.64.255. ನೆಟ್‌ವರ್ಕ್ ಸರಿಯಾಗಿ ಹುಡುಕಿ, ಆಮೇಲೆ ಅಭ್ಯಾಸಬಲದಿಂದ ಕೊನೆಯ ಆಕ್ಟೆಟ್‌ಗೆ ಮಾತ್ರ 255 ಹಾಕಿರುತ್ತಾರೆ. ತಪ್ಪಾಗಿದೆಯಾ ಅಂತ ತಿಳಿಯಲು ಎಣಿಸಿ ನೋಡಿ. 32ರಲ್ಲಿ 20 ಹೋದರೆ ಹೋಸ್ಟ್‌ಗೆ 12 ಬಿಟ್ ಉಳಿಯುತ್ತದೆ, ಅಂದರೆ 4096 ವಿಳಾಸ ಇರಬೇಕು. 64.0ರಿಂದ 64.255ರವರೆಗೆ ಬರೀ 256. ಅದೇ 64ರಿಂದ 79ರವರೆಗೆ 16 ಸಾಲು, ಸಾಲಿಗೆ 256ರಂತೆ 4096. ತಾಳೆಯಾಯಿತು. ನೆಟ್‌ವರ್ಕ್, ಬ್ರಾಡ್‌ಕಾಸ್ಟ್ ಎರಡನ್ನೂ ಬಿಟ್ಟರೆ ಹೋಸ್ಟ್‌ಗೆ ಸಿಗುವುದು 4094.

ಇದು ಗೊತ್ತಿದ್ದವರಿಗೆ ಒಂದು ಅಂಕದ ಕೊಂಕು ಪ್ರಶ್ನೆಯೂ ಸುಲಭ. ‘ಈ ಸಬ್‌ನೆಟ್‌ನಲ್ಲಿ 172.16.72.255 ಅನ್ನು ಕಂಪ್ಯೂಟರಿಗೆ ಕೊಡಬಹುದೇ?’ ಧಾರಾಳವಾಗಿ ಕೊಡಬಹುದು. 172.16.72.0 ಕೂಡ. ಎರಡೂ ಸಾಲಿನ ನಡುವೆ ಇರುವ ಮಾಮೂಲಿ ವಿಳಾಸಗಳು. 255 ನೋಡಿದ ತಕ್ಷಣ ಬ್ರಾಡ್‌ಕಾಸ್ಟ್ ಅಂದುಕೊಳ್ಳಬೇಡಿ.

ಹೆಜ್ಜೆಗೂ ಅಂಕ ಇದ್ದರೆ ವಿಳಾಸಕ್ಕೂ ಮಾಸ್ಕ್‌ಗೂ AND ಮಾಡಿ ಬೈನರಿಯಲ್ಲಿ ತೋರಿಸಬೇಕಾಗುತ್ತದೆ. 32 ಬಿಟ್ ಪೂರ್ತಿ ಬರೆದು ಸಮಯ ಕಳೆಯಬೇಡಿ. ಮಾಸ್ಕ್‌ನಲ್ಲಿ 255 ಇರುವ ಕಡೆ ವಿಳಾಸದ ಸಂಖ್ಯೆ ಹಾಗೇ ಇಳಿಯುತ್ತದೆ, 0 ಇರುವ ಕಡೆ ಸೊನ್ನೆಯಾಗುತ್ತದೆ. ಮೂರನೇ ಆಕ್ಟೆಟ್ ಒಂದನ್ನು ಬಿಡಿಸಿದರೆ ಸಾಕು:

```
 75 = 01001011
240 = 11110000
AND = 01000000 = 64
```

‘172.16.0.0/16 ಅನ್ನು /20 ಆಗಿ ಒಡೆದರೆ ಎಷ್ಟು ಸಬ್‌ನೆಟ್?’ ಅಂತ ಕೇಳಿದರೆ, ನಾಲ್ಕು ಬಿಟ್ ಎರವಲು ಪಡೆದಿದ್ದೇವೆ, 16 ಸಬ್‌ನೆಟ್. ಹಳೆಯ ಪುಸ್ತಕಗಳಲ್ಲಿ 14 ಅಂತ ಇದ್ದರೆ ಗಾಬರಿ ಬೇಡ. 1985ರ ಆರ್‌ಎಫ್‌ಸಿ 950 ಎಲ್ಲ ಸೊನ್ನೆ ಮತ್ತು ಎಲ್ಲ ಒಂದು ಇರುವ ಸಬ್‌ನೆಟ್‌ಗಳನ್ನು ಬಿಡಲು ಹೇಳಿತ್ತು. ಆ ಪದ್ಧತಿ ಹಳೆಯದಾಯಿತು ಎಂದು 1995ರ ಆರ್‌ಎಫ್‌ಸಿ 1878 ಹೇಳಿದೆ. ಈಗ ಎರಡು ಕಳೆಯುವುದು ಹೋಸ್ಟ್ ಎಣಿಸುವಾಗ ಮಾತ್ರ.

ಆ ಎರಡನ್ನು ಮರೆತರೂ ಪೆಟ್ಟು ಬೀಳುತ್ತದೆ. ‘255 ಕಂಪ್ಯೂಟರಿಗೆ ಸಾಕಾಗುವ ಅತಿ ಚಿಕ್ಕ ಸಬ್‌ನೆಟ್ ಯಾವುದು?’ ಎಂಟು ಬಿಟ್‌ಗೆ 256 ಅಂತ ನೋಡಿ /24 ಬರೆದವರಿಗೆ ಅಂಕ ಹೋಯಿತು. 256ರಲ್ಲಿ ಎರಡು ಹೋದರೆ 254, ಒಂದು ಕಂಪ್ಯೂಟರ್ ಹೊರಗೇ ಉಳಿಯುತ್ತದೆ. ಒಂಬತ್ತು ಬಿಟ್ ಬೇಕು, ಉತ್ತರ /23.